ಬ್ಲಾಕ್ ಸಣ್ಣದು, ಹೆಪ್ಪು ದೊಡ್ಡದು

ಮೂವತ್ತರ ಆಸುಪಾಸಿನ ಹುಡುಗನಿಗೆ ಹೃದಯಾಘಾತವಾದಾಗ ಮನೆಯವರ ಬಾಯಲ್ಲಿ ಮೊದಲು ಬರುವ ಮಾತು: ‘ಮೊನ್ನೆಯಷ್ಟೇ ಟಿಎಂಟಿ ಮಾಡಿಸಿದ್ದ, ನಾರ್ಮಲ್ ಅಂದಿದ್ರು.’ ಆ ರಿಪೋರ್ಟು ಸುಳ್ಳೇನಲ್ಲ. ಟ್ರೆಡ್‌ಮಿಲ್ ಮೇಲೆ ಓಡಿಸಿ ಮಾಡುವ ಆ ಪರೀಕ್ಷೆಗೆ ಸಾಮಾನ್ಯವಾಗಿ ಸಿಗುವುದು ಹೃದಯದ ರಕ್ತನಾಳ ಸುಮಾರು ಶೇ. 70ರಷ್ಟು ಕಿರಿದಾದ ಮೇಲೆ. ಸಿಗರೇಟು ಸೇದುವ ಎಳೆಯರಲ್ಲಿ ಎಷ್ಟೋ ಸಲ ಅಷ್ಟು ದೊಡ್ಡ ಬ್ಲಾಕ್ ಇರುವುದೇ ಇಲ್ಲ.

ನಲ್ಲಿಯ ಪೈಪಿನಲ್ಲಿ ಪಾಚಿ ಕಟ್ಟಿದಂತೆ ವರ್ಷಗಟ್ಟಲೆ ಕೊಬ್ಬು ತುಂಬಿ ರಕ್ತನಾಳ ಮುಚ್ಚಿಹೋಗುತ್ತದೆ ಎಂಬುದು ನಮ್ಮೆಲ್ಲರ ತಲೆಯಲ್ಲಿ ಕೂತಿರುವ ಚಿತ್ರ. ಅರವತ್ತು ದಾಟಿದವರ ಮಟ್ಟಿಗೆ ಅದು ಬಹಳಷ್ಟು ಸರಿ. ಆದರೆ ರಕ್ತನಾಳ ಜೀವವಿಲ್ಲದ ಪೈಪಲ್ಲ. ಅದರ ಒಳಮೈಗೆ ಒಂದೇ ಒಂದು ಪದರ ಜೀವಕೋಶಗಳ ಹೊದಿಕೆಯಿದೆ, ಹೆಸರು ಎಂಡೋಥೀಲಿಯಂ. ಈ ಪದರ ಕ್ಷಣಕ್ಷಣಕ್ಕೂ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ತಯಾರಿಸುತ್ತದೆ. ನಾಳ ಸಡಿಲವಾಗಿ ಅಗಲವಾಗುವುದು ಅದರಿಂದ. ರಕ್ತದ ಪ್ಲೇಟ್‌ಲೆಟ್‌ಗಳು ಗೋಡೆಗೆ ಅಂಟದೆ ಜಾರಿಹೋಗುವುದೂ ಅದರಿಂದಲೇ. ಇದನ್ನು ಕಂಡುಕೊಂಡ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಬಂತು.

ತಂಬಾಕಿನ ಹೊಗೆ ಮೊದಲು ಕೈ ಹಾಕುವುದು ಇಲ್ಲಿಗೇ. ಹೊಗೆಯಲ್ಲಿರುವ ಉತ್ಕರ್ಷಕ ರಾಸಾಯನಿಕಗಳು ನೈಟ್ರಿಕ್ ಆಕ್ಸೈಡನ್ನು ಕೆಲಸಕ್ಕೆ ಬಾರದಂತೆ ಮಾಡುತ್ತವೆ. 1993ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಯಾವ ಕಾಯಿಲೆಯೂ ಇಲ್ಲದ ಯುವಕ ಯುವತಿಯರ ತೋಳಿಗೆ ಬಿಪಿ ಪಟ್ಟಿ ಬಿಗಿದು, ಬಿಟ್ಟು, ರಕ್ತ ನುಗ್ಗಿದಾಗ ತೋಳಿನ ನಾಳ ಎಷ್ಟು ಹಿಗ್ಗುತ್ತದೆಂದು ಅಲ್ಟ್ರಾಸೌಂಡ್‌ನಲ್ಲಿ ಅಳೆದರು. ಸೇದದವರಲ್ಲಿ ನಾಳ ಚೆನ್ನಾಗಿ ಹಿಗ್ಗಿತು. ಸೇದುವವರಲ್ಲಿ ಹಿಗ್ಗು ಕಡಿಮೆ. ಹೆಚ್ಚು ಸೇದಿದಷ್ಟೂ ಇನ್ನೂ ಕಡಿಮೆ. ಇವರಿಗೆ ಎದೆನೋವಿಲ್ಲ, ಸುಸ್ತಿಲ್ಲ. ಹಾನಿ ಮಾತ್ರ ಆಗಲೇ ಆಗಿತ್ತು.

ಇನ್ನು ಒಂದು ಮಾದರಿ ಪ್ರಕರಣ ನೋಡೋಣ. ವಯಸ್ಸು 32, ಶುಗರ್ ಇಲ್ಲ, ಬಿಪಿ ಇಲ್ಲ, ಟೀ ಜೊತೆಗೆ ದಿನಕ್ಕೆ ನಾಲ್ಕೈದು ಸಿಗರೇಟು. ಹೃದಯದ ಒಂದು ನಾಳದಲ್ಲಿ ಶೇ. 30ರಷ್ಟು ಕೊಬ್ಬಿನ ದಿಬ್ಬವಿದೆ. ಓಡಿದರೂ ಎದೆ ಬಿಗಿಯುವುದಿಲ್ಲ. ಆ ದಿಬ್ಬದ ಮೇಲಿನ ಎಂಡೋಥೀಲಿಯಂ ಹೊಗೆಗೆ ಸವೆದು, ಒಂದು ದಿನ ಅಲ್ಲಲ್ಲಿ ಕಿತ್ತುಬರುತ್ತದೆ. ಒಳಗಿನ ಹಸಿ ಭಾಗ ರಕ್ತಕ್ಕೆ ತಾಗಿದೊಡನೆ ಪ್ಲೇಟ್‌ಲೆಟ್‌ಗಳು ಬಂದು ಮುತ್ತುತ್ತವೆ. ಸೇದುವವರ ಪ್ಲೇಟ್‌ಲೆಟ್‌ಗಳು ಮೊದಲೇ ಅಂಟಂಟು. ಹೆಪ್ಪನ್ನು ಗಟ್ಟಿ ಮಾಡುವ ಫೈಬ್ರಿನೋಜನ್ ಕೂಡ ರಕ್ತದಲ್ಲಿ ಹೆಚ್ಚಿರುತ್ತದೆ. ಅದೇ ಹೊತ್ತಿಗೆ ನಿಕೋಟಿನ್ ಎದೆಬಡಿತ ಏರಿಸಿ ನಾಳವನ್ನು ಹಿಂಡುತ್ತದೆ. ಹೃದಯಕ್ಕೆ ಹೆಚ್ಚು ಆಮ್ಲಜನಕ ಬೇಕು, ಆದರೆ ಹೊಗೆಯ ಕಾರ್ಬನ್ ಮಾನಾಕ್ಸೈಡ್ ಹಿಮೋಗ್ಲೋಬಿನ್‌ನಲ್ಲಿ ಅದರ ಜಾಗ ಹಿಡಿದು ಕೂತಿದೆ. ನಿನ್ನೆಯವರೆಗೆ ಶೇ. 70ರಷ್ಟು ತೆರೆದಿದ್ದ ನಾಳ ಕೆಲವೇ ನಿಮಿಷಗಳಲ್ಲಿ ಪೂರ್ತಿ ಮುಚ್ಚಿಹೋಗಬಹುದು.

ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಎಳೆವಯಸ್ಸಿನ ಹೃದ್ರೋಗಿಗಳ ವಿವರ ಕಲೆಹಾಕಿದಾಗ ಎಲ್ಲಕ್ಕಿಂತ ಹೆಚ್ಚಾಗಿ ಕಂಡ ಕಾರಣಗಳಲ್ಲಿ ಧೂಮಪಾನ ಮುಂದಿತ್ತು. ನನಗಂತೂ ಅದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ.

ಇದೇ ಹೆಪ್ಪು ಕತ್ತಿನ ನಾಳದಲ್ಲಿ ಕಟ್ಟಿ, ತುಣುಕು ಮಿದುಳಿಗೆ ಹೋದರೆ ಪಾರ್ಶ್ವವಾಯು. ಮಿದುಳಿನ ನಾಳದಲ್ಲಿ ಗುಳ್ಳೆಯಂತೆ ಉಬ್ಬಿದ ಜಾಗವಿದ್ದರೆ ಅದು ಒಡೆದು ರಕ್ತಸ್ರಾವವಾಗುವ ಅಪಾಯವನ್ನೂ ಸಿಗರೇಟು ಹೆಚ್ಚಿಸುತ್ತದೆ. ಗರ್ಭನಿರೋಧಕ ಮಾತ್ರೆ ನುಂಗುವ ಹೆಂಗಸರು ಸೇದಿದರೆ ಹೆಪ್ಪಿನ ಅಪಾಯ ಒಂದರ ಮೇಲೊಂದು ಏರುತ್ತದೆ. ಅರೆತಲೆನೋವೂ ಇದ್ದರೆ ವೈದ್ಯರಿಗೆ ಮುಚ್ಚಿಡದೆ ಹೇಳಬೇಕು.

‘ದಿನಕ್ಕೆ ಒಂದೇ’ ಎನ್ನುವವರಿಗೆ ಕಹಿ ಸುದ್ದಿಯಿದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ದಿನಕ್ಕೆ 20 ಸೇದುವವರಿಗೆ ಹೆಚ್ಚಾಗುವ ಹೃದ್ರೋಗದ ಅಪಾಯದಲ್ಲಿ ಅರ್ಧದಷ್ಟು ದಿನಕ್ಕೆ ಒಂದು ಸೇದುವವರಿಗೂ ಇದೆ. ಶ್ವಾಸಕೋಶದ ಕ್ಯಾನ್ಸರ್ ಹೀಗಲ್ಲ, ಅದು ಸೇದಿದ ಲೆಕ್ಕಕ್ಕೆ ಹೆಚ್ಚುಕಡಿಮೆ ಸರಿಯಾಗಿ ಏರುತ್ತದೆ. ರಕ್ತನಾಳ ಮತ್ತು ಪ್ಲೇಟ್‌ಲೆಟ್ ಸ್ವಲ್ಪ ಹೊಗೆಗೇ ಕೆರಳುತ್ತವೆ. ಬೀಡಿಗೂ ಇದರಲ್ಲಿ ರಿಯಾಯಿತಿ ಇಲ್ಲ.

ಕೆರಳಿದ್ದು ಬೇಗ ತಣಿಯುವುದೂ ಉಂಟು. ಬಿಟ್ಟ ಒಂದೆರಡು ದಿನದಲ್ಲಿ ಕಾರ್ಬನ್ ಮಾನಾಕ್ಸೈಡ್ ಇಳಿಯುತ್ತದೆ, ಕೆಲವು ವಾರಗಳಲ್ಲಿ ಪ್ಲೇಟ್‌ಲೆಟ್‌ಗಳ ಅಂಟುತನ ತಗ್ಗುತ್ತದೆ. ಒಂದು ವರ್ಷದ ಹೊತ್ತಿಗೆ ಹೃದ್ರೋಗದ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕೆ ಬರುತ್ತದೆ. ದಿಬ್ಬ ಪೂರ್ತಿ ಕರಗಲಿಕ್ಕಿಲ್ಲ, ಅದರ ಮೇಲೆ ಹೆಪ್ಪು ಕಟ್ಟುವ ಅವಕಾಶ ಕಡಿಮೆಯಾಗುತ್ತದೆ.

ಸೇದುವವರಿಗೆ ಎದೆಯ ನಡುವೆ ಭಾರ, ಎಡತೋಳಿಗೋ ದವಡೆಗೋ ಹರಿಯುವ ನೋವು, ತಣ್ಣನೆಯ ಬೆವರು ಕಂಡರೆ ವಯಸ್ಸು ನೋಡಿ ‘ಗ್ಯಾಸ್ಟ್ರಿಕ್’ ಎಂದು ಸೋಡಾ ಕುಡಿಸಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ, ಇಸಿಜಿ ತೆಗೆಸಿ. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೂ ಅಷ್ಟೇ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಅಲ್ಲಿ ಇರುವುದು ಸುಮಾರು ನಾಲ್ಕೂವರೆ ಗಂಟೆ. ಬಿಡಬೇಕು ಅನ್ನಿಸಿ ಕೈಲಾಗದವರು ಸರ್ಕಾರದ ಉಚಿತ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಬಹುದು.