ಕ್ಯಾಮೆರಾ ಗೆರೆ ದಾಟಿದಾಗ

ಗಂಡ ಹೆಂಡತಿ ಊಟದ ಮೇಜಿಗೆ ಎದುರುಬದುರು ಕೂತು ಜಗಳವಾಡುತ್ತಿದ್ದಾರೆ. ಪರದೆಯ ಎಡಕ್ಕೆ ಅವನು, ಬಲಕ್ಕೆ ಅವಳು. ಒಬ್ಬರ ಮೂಗಿನಿಂದ ಇನ್ನೊಬ್ಬರ ಮೂಗಿಗೆ ಒಂದು ಗೆರೆ ಎಳೆದಿದೆ ಅಂದುಕೊಳ್ಳಿ. ಸಿನಿಮಾದವರು ಇದನ್ನು ಇಮ್ಯಾಜಿನರಿ ಲೈನ್ ಅನ್ನುತ್ತಾರೆ. ಮೊದಲ ಶಾಟನ್ನು ಗೆರೆಯ ಯಾವ ಬದಿಯಿಂದ ತೆಗೆದರೋ, ಮುಂದಿನವನ್ನೂ ಅದೇ ಬದಿಯಿಂದ ತೆಗೆಯಬೇಕು. 180 ಡಿಗ್ರಿ ನಿಯಮವೆಂದರೆ ಇಷ್ಟೇ. ಆಗ ಕ್ಲೋಸಪ್‌ನಲ್ಲಿ ಅವನು ಬಲಕ್ಕೆ ನೋಡುತ್ತಾನೆ, ಅವಳು ಎಡಕ್ಕೆ. ನಮ್ಮ ಕಣ್ಣು ಆ ಎರಡು ನೋಟಗಳನ್ನು ತಾನೇ ಜೋಡಿಸಿಕೊಳ್ಳುತ್ತದೆ.

ಅವಳ ಕ್ಲೋಸಪ್ಪಿಗೆ ಕ್ಯಾಮೆರಾ ಆಚೆ ಬದಿಗೆ ಹೋಯಿತೆನ್ನಿ. ಈಗ ಅವಳೂ ಬಲಕ್ಕೇ ನೋಡುತ್ತಾಳೆ. ಇಬ್ಬರೂ ಬಾಗಿಲಲ್ಲಿ ನಿಂತ ಮೂರನೆಯವರ ಮೇಲೆ ರೇಗುತ್ತಿರುವಂತೆ ಕಾಣುತ್ತದೆ. ಎಷ್ಟೋ ಸಲ ಈ ಎಡವಟ್ಟು ಗೊತ್ತಾಗುವುದು ಎಡಿಟಿಂಗ್ ಕೋಣೆಯಲ್ಲಿ, ಸೆಟ್ ಬಿಚ್ಚಿದ ಮೇಲೆ. ನಡುವೆ ಗೋಡೆ ಗಡಿಯಾರವನ್ನೋ ಸಾರಿನ ಬಟ್ಟಲನ್ನೋ ತೋರಿಸಿ ತೇಪೆ ಹಾಕಬಹುದು. ಗೆರೆ ದಾಟಲೇಬೇಕಿದ್ದರೆ, ಶಾಟ್ ನಡೆಯುತ್ತಿರುವಾಗಲೇ ಕ್ಯಾಮೆರಾ ಸುತ್ತಿ ಆಚೆ ಹೋಗುವುದು ಇದಕ್ಕಿಂತ ಮೇಲು. ದಿಕ್ಕು ಬದಲಾಗಿದ್ದು ನಮ್ಮ ಕಣ್ಣೆದುರೇ ಆದ್ದರಿಂದ ಗಲಿಬಿಲಿಯಿಲ್ಲ.

ಸ್ಟ್ಯಾನ್ಲಿ ಕ್ಯೂಬ್ರಿಕ್‌ಗೆ ‘ದಿ ಶೈನಿಂಗ್’ (1980) ಚಿತ್ರದಲ್ಲಿ ಆ ಗಲಿಬಿಲಿಯೇ ಬೇಕಿತ್ತು. ಚಳಿಗಾಲಕ್ಕೆ ಮುಚ್ಚಿದ ಹೋಟೆಲೊಂದರ ಕಾವಲಿಗೆ ಬಂದವನು ಜ್ಯಾಕ್. ಯಾರೂ ಇರಬಾರದ ಆ ಹೋಟೆಲಿನ ಪಾರ್ಟಿಯಲ್ಲಿ ವೇಟರೊಬ್ಬ ಅವನ ಮೇಲೆ ಪಾನೀಯ ಚೆಲ್ಲಿ, ಒರೆಸಲೆಂದು ಕೆಂಪು ಗೋಡೆಯ ಶೌಚಾಲಯಕ್ಕೆ ಕರೆದೊಯ್ಯುತ್ತಾನೆ. ಹೆಸರು ಕೇಳಿದರೆ ಗ್ರೇಡಿ ಅನ್ನುತ್ತಾನೆ. ಹಿಂದೆ ಹೆಂಡತಿ ಮಕ್ಕಳನ್ನು ಕೊಂದ ಕಾವಲುಗಾರನ ಹೆಸರೂ ಅದೇ. ಇಬ್ಬರೂ ಎದುರುಬದುರು ನಿಂತ ದೂರದ ಶಾಟ್‌ನಿಂದ ಕ್ಯೂಬ್ರಿಕ್ ಸೀದಾ ಗೆರೆಯ ಆಚೆಗೆ ಕಟ್ ಮಾಡುತ್ತಾನೆ. ಎಡಗಡೆಯವನು ಬಲಕ್ಕೆ, ಬಲಗಡೆಯವನು ಎಡಕ್ಕೆ. ತೇಪೆಯಿಲ್ಲ, ಮುನ್ಸೂಚನೆಯಿಲ್ಲ. ಇಲ್ಲಿಯ ಕಾವಲುಗಾರ ಯಾವತ್ತೂ ನೀವೇ ಎಂದು ಗ್ರೇಡಿ ಜ್ಯಾಕ್‌ಗೆ ಹೇಳುತ್ತಾನೆ. ಇಬ್ಬರ ಜಾಗ ಅದಲುಬದಲಾದದ್ದನ್ನು ಅಷ್ಟರಲ್ಲಾಗಲೇ ನಾವು ನೋಡಿರುತ್ತೇವೆ.

ಈ ಕಟ್‌ನ ಜಾಣತನವಿರುವುದು ಅದು ದೂರದ ಶಾಟ್ ಎಂಬುದರಲ್ಲಿ. ಇಬ್ಬರೂ ಚೌಕಟ್ಟಿನಲ್ಲೇ ಇರುವುದರಿಂದ ಯಾರು ಯಾರೊಡನೆ ಮಾತಾಡುತ್ತಿದ್ದಾರೆಂಬ ಗೊಂದಲವಿಲ್ಲ, ಕಾಲ ಕೆಳಗಿನ ನೆಲ ಜಾರಿದ ಅನುಭವವಷ್ಟೇ ಉಳಿಯುತ್ತದೆ. ಇದೇ ಕೆಲಸವನ್ನು ಕ್ಲೋಸಪ್‌ಗಳಲ್ಲಿ ಮಾಡಿದ್ದರೆ ಛಾಯಾಗ್ರಾಹಕನೇ ಎಡವಿದ್ದಾನೆ ಅನಿಸುತ್ತಿತ್ತೇನೋ. ಒಂದೇ ದೃಶ್ಯದಲ್ಲಿ ಹತ್ತಾರು ಸಲ ಮಾಡಿದ್ದರೂ ಅದರ ಬಿಸಿ ಆರುತ್ತಿತ್ತು.

ಜಪಾನಿನ ಒಜು ಮಾತ್ರ ಈ ಲೆಕ್ಕಕ್ಕೇ ಸಿಗುವುದಿಲ್ಲ. ‘ಟೋಕಿಯೋ ಸ್ಟೋರಿ’ಯಂಥ (1953) ಚಿತ್ರಗಳಲ್ಲಿ ಅವನು ಗೆರೆಯನ್ನು ದಾಟುತ್ತಲೇ ಇರುತ್ತಾನೆ; ಮಾತಾಡುವ ಇಬ್ಬರೂ ಒಂದೇ ದಿಕ್ಕಿಗೆ ನೋಡುವುದೂ ಉಂಟು. ಆದರೂ ಯಾರೂ ಬೆಚ್ಚುವುದಿಲ್ಲ. ಕ್ಯಾಮೆರಾ ಅಲುಗದೆ ನೆಲದ ಹತ್ತಿರವೇ ಕೂತಿರುತ್ತದೆ, ಕಟ್ ಆದಾಗ ಹೊಸ ಮುಖ ಹೆಚ್ಚುಕಡಿಮೆ ಹಳೆಯ ಮುಖವಿದ್ದ ಜಾಗದಲ್ಲೇ, ಅಷ್ಟೇ ಗಾತ್ರದಲ್ಲಿ ಬರುತ್ತದೆ.