ಕಂತುಗಳ ಮೊತ್ತದಲ್ಲಿ ಅಡಗಿದ ಬಡ್ಡಿ

ಪುತ್ತೂರು ತಾಲೂಕಿನ ಈಶ್ವರಮಂಗಲದಲ್ಲಿ ಒಬ್ಬರು ಹಳೆಯ ಆಟೋರಿಕ್ಷಾ ಒಂದನ್ನು ಕೊಳ್ಳಲು ಒಂದು ಲಕ್ಷ ರೂಪಾಯಿ ಸಾಲ ಕೇಳುತ್ತಾರೆಂದು ಊಹಿಸೋಣ. ಇಬ್ಬರು ಸಾಲ ಕೊಡಲು ಮುಂದೆ ಬರುತ್ತಾರೆ. ಬಡ್ಡಿ ಇಬ್ಬರದೂ ವರ್ಷಕ್ಕೆ ಶೇಕಡ 12. ಅವಧಿಯೂ ಹನ್ನೆರಡೇ ತಿಂಗಳು. ಆದರೆ ಮೊದಲನೆಯವರು ಕೇಳುವ ಮಾಸಿಕ ಕಂತು 8,885 ರೂಪಾಯಿ. ಎರಡನೆಯವರದು 9,333 ರೂಪಾಯಿ 33 ಪೈಸೆ. ಬಡ್ಡಿಯ ದರ ಒಂದೇ ಆಗಿರುವಾಗ ಈ ಅಂತರವೇಕೆ?

ಮೊದಲು ಕಂತುಗಳನ್ನು ಕೂಡಿಸೋಣ. ಎರಡನೆಯವರಿಗೆ ಸಲ್ಲುವ ಹನ್ನೆರಡು ಕಂತುಗಳ ಮೊತ್ತ 1,12,000 ರೂಪಾಯಿ. ಇದರಲ್ಲಿ ಅಸಲನ್ನು ಕಳೆದರೆ ಬಡ್ಡಿ 12,000. ಮೊದಲನೆಯವರಿಗೆ ಹನ್ನೊಂದು ಕಂತುಗಳಲ್ಲಿ 97,735 ರೂಪಾಯಿ ಸಲ್ಲುತ್ತದೆ. ಕಂತನ್ನು ಪೂರ್ಣ ರೂಪಾಯಿಗೆ ಏರಿಸಿದುದರಿಂದ ಕೊನೆಯ ಕಂತು ತುಸು ಇಳಿದು ಸುಮಾರು 8,883 ಆಗುತ್ತದೆ. ಒಟ್ಟು 1,06,618, ಬಡ್ಡಿ 6,618 ರೂಪಾಯಿ ಮಾತ್ರ.

ಕಾರಣವನ್ನು ತಿಂಗಳ ಲೆಕ್ಕದಲ್ಲಿ ಕಾಣಬಹುದು. ಮೊದಲನೆಯ ಸಾಲದಲ್ಲಿ ಉಳಿದಿರುವ ಅಸಲಿಗೆ ಮಾತ್ರ ಬಡ್ಡಿ. ಮೊದಲ ತಿಂಗಳು ಒಂದು ಲಕ್ಷಕ್ಕೆ ಶೇಕಡ 1ರಂತೆ 1,000 ರೂಪಾಯಿ ಬಡ್ಡಿ. ಕಂತಿನ ಉಳಿದ 7,885 ರೂಪಾಯಿ ಅಸಲಿಗೆ ಜಮೆಯಾಗುತ್ತದೆ. ಎರಡನೆಯ ತಿಂಗಳು ಬಾಕಿ 92,115; ಆದುದರಿಂದ ಬಡ್ಡಿ 921. ಹೀಗೆ ಇಳಿಯುತ್ತ ಕೊನೆಯ ತಿಂಗಳಿನ ಬಡ್ಡಿ 88 ರೂಪಾಯಿಗೆ ಬರುತ್ತದೆ. ಎರಡನೆಯ ಸಾಲದಲ್ಲಾದರೋ ಅಸಲು ತೀರುತ್ತ ಬಂದರೂ ಇಡೀ ಲಕ್ಷಕ್ಕೆ ವರ್ಷವೆಲ್ಲ ಬಡ್ಡಿ ಹಾಕಲಾಗಿದೆ. ಇದನ್ನೇ ‘ಫ್ಲಾಟ್’ ಬಡ್ಡಿ ಎನ್ನುವರು. ಉಳಿದ ಅಸಲಿನ ಲೆಕ್ಕದಲ್ಲಿ ನೋಡಿದರೆ ಇದು ವರ್ಷಕ್ಕೆ ಸುಮಾರು ಶೇಕಡ 21½ರ ದರಕ್ಕೆ ಸಮ!

ಕಂತು ಚಿಕ್ಕದಾದರೆ ಸಾಲ ಅಗ್ಗವೆಂಬ ಭ್ರಮೆಯನ್ನೂ ಈ ಕೂಡಿಕೆಯೇ ಕಳೆಯುತ್ತದೆ. ಮೊದಲನೆಯ ಸಾಲವನ್ನೇ ಮೂರು ವರ್ಷಗಳಿಗೆ ಹಂಚಿದರೆ ಕಂತು ಸುಮಾರು 3,321 ರೂಪಾಯಿಗೆ ಇಳಿಯುತ್ತದೆ. ಬಡ್ಡಿಯ ಮೊತ್ತ ಮಾತ್ರ ಸುಮಾರು 19,571ಕ್ಕೆ ಏರುತ್ತದೆ. ದರ ಬದಲಾಗಲಿಲ್ಲ; ಹಣ ಹೆಚ್ಚು ಕಾಲ ನಮ್ಮಲ್ಲಿ ಉಳಿಯಿತು, ಅಷ್ಟೆ.

ಆದರೆ ಕಂತುಗಳ ಮೊತ್ತ ಎಲ್ಲವನ್ನೂ ಹೇಳಲಾರದು. ಸಾಲ ಕೊಡುವಾಗಲೇ 2,000 ರೂಪಾಯಿ ಶುಲ್ಕವನ್ನು ಮುರಿದುಕೊಂಡರೆ ಕೈಗೆ ಬರುವುದು 98,000; ಆಗ ಮೊದಲನೆಯ ಸಾಲದ ನಿಜವಾದ ವೆಚ್ಚ 6,618 ಅಲ್ಲ, 8,618. ಆದುದರಿಂದ ಕಂತುಗಳ ಮೊತ್ತದಿಂದ ಕಳೆಯಬೇಕಾದುದು ಕಾಗದದಲ್ಲಿ ಬರೆದ ಸಾಲವನ್ನಲ್ಲ, ಕೈಗೆ ಬಂದ ಹಣವನ್ನು. ಇನ್ನು ಬಡ್ಡಿದರವು ನಡುವೆ ಬದಲಾಗುವಂತಹ ಸಾಲವಾದರೆ, ಮೊದಲ ದಿನ ಕೂಡಿಸಿದ ಮೊತ್ತ ಅಂದಾಜು ಮಾತ್ರ.

ಭಾರತೀಯ ರಿಸರ್ವ್ ಬ್ಯಾಂಕು 2024ರಲ್ಲಿ ಹೊರಡಿಸಿದ ಆದೇಶದಂತೆ, ಆ ವರ್ಷದ ಅಕ್ಟೋಬರ್ 1ರಿಂದ ಬ್ಯಾಂಕುಗಳು ವ್ಯಕ್ತಿಗಳಿಗೆ ಕೊಡುವ ಇಂತಹ ಹೊಸ ಸಾಲಗಳಿಗೆ ಮುಖ್ಯಾಂಶಗಳ ಪತ್ರವೊಂದನ್ನು ಕೊಡಬೇಕು. ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರ ಮತ್ತು ಕಂತುಗಳ ಪಟ್ಟಿ ಅದರಲ್ಲಿರುತ್ತವೆ. ಪಟ್ಟಿಯ ಎರಡನೆಯ ಸಾಲನ್ನು ನೋಡಿರಿ: ಬಡ್ಡಿಯ ಅಂಕಣ ಮೊದಲ ತಿಂಗಳಿಗಿಂತ ಇಳಿದಿದ್ದರೆ ಬಡ್ಡಿಯನ್ನು ಉಳಿದ ಅಸಲಿಗೆ ಹಾಕಲಾಗಿದೆ ಎಂದು ತಿಳಿಯಬಹುದು.