ಖಿನ್ನತೆ ಮೊದಲೋ, ದೌರ್ಬಲ್ಯ ಮೊದಲೋ?

ಬೀಜ ಮೊದಲೋ ವೃಕ್ಷ ಮೊದಲೋ ಎಂಬಂಥ ನಂಟು ಇದು. ರಕ್ತನಾಳಗಳು ಹಿಗ್ಗಿ ರಕ್ತ ತುಂಬಿಕೊಂಡಾಗ ಶಿಶ್ನ ನಿಮಿರುತ್ತದೆ. ಹಿಗ್ಗುವ ಸೂಚನೆ ಮಿದುಳಿನಿಂದ ನರಗಳ ಮೂಲಕ ಬರುತ್ತದೆ. ಖಿನ್ನತೆಯಲ್ಲಿ ಆಸಕ್ತಿ ಬತ್ತಿ ಈ ಸೂಚನೆಯೇ ಕುಗ್ಗುತ್ತದೆ. ಒಮ್ಮೆ ಸೋತವನು ‘ಮತ್ತೆ ಹೀಗಾದರೆ?’ ಎಂದು ಹೆದರುತ್ತಾನೆ. ಹೆದರಿಕೆ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ. ಸೋಲು ಮರುಕಳಿಸಿ ಖಿನ್ನತೆ ಇನ್ನಷ್ಟು ಆಳವಾಗುತ್ತದೆ.

ಈ ಸುತ್ತನ್ನು ಎಲ್ಲಿ ಕತ್ತರಿಸಬೇಕು? ಅಮೆರಿಕದಲ್ಲಿ 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಎರಡೂ ತೊಂದರೆಗಳಿದ್ದ 152 ಗಂಡಸರಿಗೆ 12 ವಾರ ಸಿಲ್ಡೆನಾಫಿಲ್ ಅಥವಾ ಔಷಧವಿಲ್ಲದ ಹುಸಿಗುಳಿಗೆ ಕೊಡಲಾಯಿತು. ಸಿಲ್ಡೆನಾಫಿಲ್ ಖಿನ್ನತೆಯ ಮದ್ದಲ್ಲ. ಆದರೂ ನಿಮಿರುವಿಕೆ ಸುಧಾರಿಸಿದವರಲ್ಲಿ ಹೆಚ್ಚಿನವರ ಖಿನ್ನತೆಯೂ ಇಳಿಯಿತು. ಅವರದು ಸೌಮ್ಯ ಇಲ್ಲವೇ ಮಧ್ಯಮ ಖಿನ್ನತೆ. ತೀವ್ರ ಖಿನ್ನತೆಗೆ ಈ ಮಾತು ಅನ್ವಯಿಸದು.

ಮೊದಲು ಖಿನ್ನತೆಗೆ ಮದ್ದು ಕೊಡುವ ದಾರಿಯಲ್ಲೊಂದು ತೊಡಕಿದೆ. ಫ್ಲೂಆಕ್ಸೆಟಿನ್‌ನಂಥ ಮಾತ್ರೆಗಳು ಕೆಲವರಲ್ಲಿ ಕಾಮಾಸಕ್ತಿಯನ್ನೂ ನಿಮಿರುವಿಕೆಯನ್ನೂ ತಗ್ಗಿಸುತ್ತವೆ. ಮಾತ್ರೆ ಆರಂಭಿಸಿದ ಮೇಲೆ ತೊಂದರೆ ಶುರುವಾದರೆ ಅದೇ ಸುಳಿವು. ನಾಚಿಕೆಯಿಂದ ತಾವಾಗಿಯೇ ಮಾತ್ರೆ ಬಿಟ್ಟರೆ ಖಿನ್ನತೆ ಮರಳಬಹುದು. ವೈದ್ಯರಿಗೆ ಹೇಳಿದರೆ ಅವರು ಪ್ರಮಾಣ ಇಳಿಸಬಹುದು, ಬುಪ್ರೊಪಿಯಾನ್‌ಗೆ ಬದಲಿಸಬಹುದು ಅಥವಾ ಜೊತೆಗೆ ಸಿಲ್ಡೆನಾಫಿಲ್ ಕೊಡಬಹುದು. ಅದನ್ನು ವೈದ್ಯರೇ ಬರೆಯಬೇಕು. ಎದೆನೋವಿಗೆ ನೈಟ್ರೇಟ್ ಸೇವಿಸುವವರು ಅದನ್ನು ನುಂಗಿದರೆ ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ.